ಸ್ಕ್ರೀನ್‌ಶಾಟ್‌ನಲ್ಲಿ ಫಸ್ಟ್, ಅಪ್ಲೋಡ್‌ನಲ್ಲಿ ಫೇಲ್: ರೆಸ್ಯೂಮೆ ವಿನ್ಯಾಸಗಳ ರ‍್ಯಾಂಕಿಂಗ್ ಎಲ್ಲಿ ಕೈಕೊಡುತ್ತದೆ

ದೋಷ ಇಷ್ಟೇ. ನಾಲ್ಕು ರೆಸ್ಯೂಮೆ ವಿನ್ಯಾಸಗಳ ಸ್ಕ್ರೀನ್‌ಶಾಟ್ ನೋಡಿ ಯಾವುದು ಮೊದಲು, ಯಾವುದು ಕೊನೆ ಅಂತ ತೀರ್ಮಾನ ಮಾಡಲಾಗಿದೆ. ಆದರೆ ಮೊದಲನೇ ಸ್ಥಾನ ಬಂದದ್ದನ್ನು ಕಂಪನಿಯ ವೆಬ್‌ಸೈಟ್‌ಗೆ ಅಪ್ಲೋಡ್ ಮಾಡಿದರೆ ರೆಸ್ಯೂಮೆ ಓದಿ ತಾನಾಗಿಯೇ ತುಂಬಿಕೊಳ್ಳಬೇಕಾದ ಅರ್ಜಿ ಫಾರ್ಮ್ ತಲೆಕೆಳಗಾಗಿ ತುಂಬಿಕೊಳ್ಳುತ್ತಿದೆ. ತಪ್ಪು ವಿನ್ಯಾಸದ್ದೋ, ಫೈಲ್‌ನದ್ದೋ, ರ‍್ಯಾಂಕ್ ಕೊಟ್ಟ ರೀತಿಯದ್ದೋ? ಅದನ್ನು ಒಂದೊಂದಾಗಿ ಹುಡುಕುವ ದಾರಿ ಇಲ್ಲಿದೆ. ಅಳತೆ ಮೂರು: ಕಣ್ಣೋಟ, ಪುಟದಲ್ಲಿ ಬಿಟ್ಟ ಅಂತರ, ಯಂತ್ರದ ಓದು.

ನಾನು ಮೈಸೂರಿನಲ್ಲಿದ್ದೇನೆ. ಕೆಲಸ ಹುಡುಕುವ ಹುಡುಗ ಹುಡುಗಿಯರ ರೆಸ್ಯೂಮೆ ನೋಡಿ ಸರಿಮಾಡಿಕೊಡುವುದು ಹಲವು ವರ್ಷಗಳ ಅಭ್ಯಾಸ. ಈ ಕೇಸ್ ಮಂಡ್ಯದ ಒಬ್ಬ ಹುಡುಗಿಯದು. ಬಿ.ಕಾಂ ಮುಗಿಸಿದ್ದಾಳೆ. ಮೊದಲು ಮದ್ದೂರಿನ ಒಂದು ರೈಸ್ ಮಿಲ್ ಆಫೀಸಿನಲ್ಲಿ, ಆಮೇಲೆ ಮಂಡ್ಯದಲ್ಲೇ ಒಬ್ಬ ಆಡಿಟರ್ ಹತ್ತಿರ ಲೆಕ್ಕಪತ್ರ ನೋಡಿಕೊಂಡಿದ್ದಾಳೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಅರ್ಜಿ ಹಾಕಬೇಕಿತ್ತು. ನಾಲ್ಕು ಸ್ಕ್ರೀನ್‌ಶಾಟ್‌ಗಳನ್ನು ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿ ಓಟು ಕೇಳಿದ್ದಳು. ಆಮೇಲೆ ನನಗೆ ಬಂದ ಮೆಸೇಜ್ ಹೀಗಿತ್ತು: "ಅಣ್ಣ, ಎಲ್ಲರೂ ಎರಡನೇದು ಸೂಪರ್ ಅಂದ್ರು. ಅಪ್ಲೋಡ್ ಮಾಡಿದ್ರೆ ನನ್ನ ಹೆಸರಿನ ಜಾಗದಲ್ಲಿ Tally Prime ಅಂತ ಬರ್ತಿದೆ. ಏನ್ ಮಾಡ್ಲಿ?"

ಅವಳು ಸುಮ್ಮನೆ ಕೂತಿರಲಿಲ್ಲ. ಉಳಿದದ್ದನ್ನೂ ಹಾಕಿ ನೋಡಿದ್ದಳು. ಓಟಿನಲ್ಲಿ ಎರಡನೇ ಸ್ಥಾನ ಬಂದಿದ್ದ ನಾಲ್ಕನೇ ವಿನ್ಯಾಸ ಹಾಕಿದರೆ ಫಾರ್ಮ್ ಪೂರ್ತಿ ಖಾಲಿ. ಮೂರನೇ ಸ್ಥಾನದ ಒಂದನೇ ವಿನ್ಯಾಸವನ್ನು ವರ್ಡ್ ಫೈಲ್ ಆಗಿಯೇ ಹಾಕಿದರೆ ಕೆಲಸದ ಅನುಭವವೆಲ್ಲ ಸರಿಯಾಗಿ ಬಂದು, ಹೆಸರು ಮತ್ತು ಫೋನ್ ನಂಬರ್ ಮಾತ್ರ ಮಾಯ. ಕೊನೆಯ ಸ್ಥಾನದ ಮೂರನೇದನ್ನು ಅವಳು ಮುಟ್ಟಿರಲಿಲ್ಲ, ಯಾಕೆಂದರೆ ಗುಂಪಿನಲ್ಲಿ ಅದಕ್ಕೆ ಒಂದೂ ಓಟು ಬಿದ್ದಿರಲಿಲ್ಲ.

ಈ ಮೂರು ಲಕ್ಷಣಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ. ಪೂರ್ತಿ ಖಾಲಿ ಬಂದರೆ ಒಂದು ಕಾರಣ. ಎಲ್ಲ ಬಂದು ಜಾಗ ಅದಲುಬದಲಾದರೆ ಇನ್ನೊಂದು. ಹೆಸರು, ಫೋನ್ ಮಾತ್ರ ಬಿಟ್ಟುಹೋದರೆ ಮತ್ತೊಂದು. ಎಲ್ಲವನ್ನೂ ಸೇರಿಸಿ "ಸಾಫ್ಟ್‌ವೇರ್ ಸರಿಯಿಲ್ಲ" ಅಂದುಬಿಟ್ಟರೆ ಯಾವುದೂ ಸಿಗುವುದಿಲ್ಲ.

ಮೊದಲು ಸ್ಕ್ರೀನ್‌ಶಾಟ್‌ಗಳನ್ನೇ ಅನುಮಾನಿಸಿ

ಫೈಲ್ ತೆರೆಯುವ ಮುಂಚೆ ಆ ನಾಲ್ಕು ಚಿತ್ರಗಳನ್ನು ನೋಡಿದೆ. ಅವು ಒಂದಕ್ಕೊಂದು ಹೋಲಿಸುವ ಸ್ಥಿತಿಯಲ್ಲೇ ಇರಲಿಲ್ಲ. ಒಂದನೇದು ವರ್ಡ್ ತೆರೆದಿದ್ದಾಗ ತೆಗೆದದ್ದು, ಸ್ಪೆಲಿಂಗ್‌ನ ಕೆಂಪು ಅಲೆಗೆರೆಗಳೂ ಅದರಲ್ಲಿದ್ದವು. ಮೂರನೇದು ಮೊಬೈಲಿನಲ್ಲಿ ತೆಗೆದದ್ದು, ಪುಟದ ಮುಕ್ಕಾಲು ಭಾಗ ಮಾತ್ರ ಕಾಣುತ್ತಿತ್ತು. ಎರಡನೇದು ಇನ್ನೂ ವಿಶೇಷ. ಅದು ಅವಳ ರೆಸ್ಯೂಮೆಯೇ ಅಲ್ಲ, ಡಿಸೈನ್ ಆ್ಯಪ್ ತೋರಿಸುವ ಮಾದರಿ ಚಿತ್ರ!

ಮಾದರಿ ಚಿತ್ರಕ್ಕೆ ಓಟು ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಪ್ರತಿ ಕೆಲಸದ ಹೆಸರೂ ಎರಡು ಪದ, ಪ್ರತಿ ವಿವರವೂ ಸರಿಯಾಗಿ ಎರಡು ಸಾಲು. ಎಲ್ಲವೂ ವಿನ್ಯಾಸಕ್ಕೆ ತಕ್ಕಂತೆ ಹೊಲಿದಿಟ್ಟ ಪಠ್ಯ. ನಿಜವಾದ ಪಠ್ಯ ಹಾಗಿರುವುದಿಲ್ಲ. ಇವಳ ಒಂದು ಕೆಲಸಕ್ಕೆ ಐದು ಸಾಲು ವಿವರ, ಇನ್ನೊಂದಕ್ಕೆ ಒಂದೇ ಸಾಲು. ಕಾಲೇಜಿನ ಹೆಸರು ಒಂದು ಸಾಲಿಗೆ ಹಿಡಿಯುವುದೇ ಇಲ್ಲ. ಅದನ್ನೆಲ್ಲ ಹಾಕಿದ ಮೇಲೆ ಎಡಗಡೆಯ ನೀಲಿ ಪಟ್ಟಿ ಅರ್ಧಕ್ಕೆ ಖಾಲಿಯಾಗಿ, ಬಲಗಡೆ ಅಕ್ಷರ ಕಿಕ್ಕಿರಿದಿತ್ತು.

ಹಾಗಾಗಿ ಮೊದಲ ಹೆಜ್ಜೆ: ನಾಲ್ಕೂ ವಿನ್ಯಾಸದಲ್ಲಿ ಒಂದೇ ಪಠ್ಯ ಇರಲಿ. ನಾಲ್ಕನ್ನೂ ಪಿಡಿಎಫ್ ಮಾಡಿ, ಒಂದೇ ಕಂಪ್ಯೂಟರಿನಲ್ಲಿ, ಪೂರ್ತಿ ಪುಟ ಕಾಣುವ ಹಾಗೆ ಇಟ್ಟು, ಒಂದೇ ಅಗಲಕ್ಕೆ ಸ್ಕ್ರೀನ್‌ಶಾಟ್ ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗಿ, ಸಣ್ಣ ಅಕ್ಷರದ ಅಂಚು ಮಸುಕಾಗುತ್ತದೆ. ಆಮೇಲೆ "ಓದಲು ಕಷ್ಟ" ಅನ್ನುವ ದೂರು ವಿನ್ಯಾಸದ್ದೋ ವಾಟ್ಸಾಪ್‌ದೋ ಗೊತ್ತಾಗುವುದಿಲ್ಲ.

ಕಣ್ಣು ಎಲ್ಲಿ ನಿಲ್ಲುತ್ತದೆ

ರೆಸ್ಯೂಮೆ ನೋಡುವವರು ಮೊದಲ ಸಲ ಓದುವುದಿಲ್ಲ, ಕಣ್ಣಾಡಿಸುತ್ತಾರೆ. ಅವರಿಗೆ ಬೇಕಾದ್ದು ಮೂರು: ಯಾರು, ಈಗ ಅಥವಾ ಕೊನೆಯದಾಗಿ ಎಲ್ಲಿ ಏನು ಕೆಲಸ, ಯಾವಾಗಿನಿಂದ ಯಾವಾಗಿನವರೆಗೆ. ಈ ಮೂರು ಸಿಗಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದೇ ಪರೀಕ್ಷೆ.

ಇದನ್ನು ರೆಸ್ಯೂಮೆ ಬರೆದವರು ಮಾಡಬಾರದು. ಎಲ್ಲಿ ಏನಿದೆ ಅಂತ ಅವರಿಗೆ ಮೊದಲೇ ಗೊತ್ತಲ್ವಾ? ಆ ಪುಟ ನೋಡಿಯೇ ಇಲ್ಲದ ಒಬ್ಬರಿಗೆ ಒಂದು ಚಿತ್ರ ತೋರಿಸಿ, ಐದಾರು ಸೆಕೆಂಡಾದ ಮೇಲೆ ಮುಚ್ಚಿ, ಏನು ನೆನಪಿದೆ ಅಂತ ಕೇಳಿ. ಒಬ್ಬರಿಗೆ ಒಂದೇ ವಿನ್ಯಾಸ ತೋರಿಸಿ. ಒಂದೇ ಪಠ್ಯವನ್ನು ಎರಡನೇ ಸಲ ನೋಡುವಾಗ ಎಲ್ಲವೂ ಬೇಗ ಸಿಕ್ಕಿಬಿಡುತ್ತದೆ. ಅಷ್ಟು ಜನ ಸಿಗದಿದ್ದರೆ ಚಿತ್ರವನ್ನು ಮೂರನೇ ಒಂದು ಭಾಗಕ್ಕೆ ಕುಗ್ಗಿಸಿ ನೋಡಿ. ಅಕ್ಷರ ಓದಲು ಬರಬಾರದು, ಆದರೆ ತಲೆಬರಹ ಯಾವುದು, ಕೆಲಸದ ಹೆಸರು ಯಾವುದು, ದಿನಾಂಕ ಎಲ್ಲಿ ಸಾಲಾಗಿದೆ ಅನ್ನುವುದು ಆಕಾರದಲ್ಲೇ ಕಾಣಬೇಕು.

ನೀಲಿ ಪಟ್ಟಿಯ ಎರಡನೇ ವಿನ್ಯಾಸ ಇಲ್ಲಿಯೇ ಜಾರಿತು. ಕಣ್ಣು ಮೊದಲು ಫೋಟೋ ಮೇಲೆ, ಆಮೇಲೆ ಕೌಶಲ್ಯದ ಪಟ್ಟಿಗಳ ಮೇಲೆ ಹೋಗುತ್ತದೆ. ಟ್ಯಾಲಿಗೆ ಮುಕ್ಕಾಲು ತುಂಬಿದ ಪಟ್ಟಿ, ಎಕ್ಸೆಲ್‌ಗೆ ಅರ್ಧ. ಮುಕ್ಕಾಲು ಅಂದರೆ ಯಾವುದರ ಮುಕ್ಕಾಲು? ಯಾರಿಗೂ ಗೊತ್ತಿಲ್ಲ. ಆದರೆ ಪುಟದಲ್ಲಿ ಎಲ್ಲಕ್ಕಿಂತ ಗಾಢವಾಗಿ ಕಾಣುವುದು ಅದೇ. ದಿನಾಂಕಗಳು ತಿಳಿ ಬೂದು ಬಣ್ಣದಲ್ಲಿದ್ದವು. ಬಣ್ಣದ ಕೋಡ್ `#999999`. ಬಿಳಿ ಹಿನ್ನೆಲೆಗೂ ಅದಕ್ಕೂ ಹೊಳಪಿನ ವ್ಯತ್ಯಾಸದ ಅನುಪಾತ ಸುಮಾರು 2.8ಕ್ಕೆ 1. ವೆಬ್ ಪುಟಗಳಿಗೆ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುವುದು ಒಪ್ಪಿಕೊಂಡ ಮಟ್ಟ. ಬೂದು ಬಣ್ಣವೇ ಬೇಕೆಂದರೆ `#767676` ಆ ಮಟ್ಟ ಮುಟ್ಟುತ್ತದೆ, ಅದಕ್ಕಿಂತ ತಿಳಿ ಬೇಡ. ಪ್ರಿಂಟ್ ತೆಗೆಯುವ ಆಫೀಸಾದರೆ ಕಪ್ಪೇ ಒಳ್ಳೆಯದು.

ಮೂರನೇ ವಿನ್ಯಾಸದ ತೊಂದರೆ ಬೇರೆ. ಎರಡು ಕಾಲಂ, ಬಣ್ಣವಿಲ್ಲ, ನೋಡಲು ಅಚ್ಚುಕಟ್ಟು. ಆದರೆ ಬಲಗಡೆಯ ಕಾಲಂ ತೀರಾ ಕಿರಿದು. ಒಂದು ಸಾಲಿಗೆ ಮೂರೇ ಪದ ಹಿಡಿಯುತ್ತವೆ. ಪದವಿಯ ಹೆಸರು ಮುರಿದು ಮುರಿದು ನಾಲ್ಕು ಸಾಲಾಗಿತ್ತು.

ಕಣ್ಣೋಟದ ಲೆಕ್ಕದಲ್ಲಿ ನಾಲ್ಕನೇದು ಮೊದಲು, ಆಮೇಲೆ ಒಂದು, ಮೂರು, ಎರಡು. ವಾಟ್ಸಾಪ್ ಓಟಿನಲ್ಲಿ ಗೆದ್ದದ್ದು ಇಲ್ಲಿ ಕೊನೆಗೆ ಬಂತು.

ಅಂತರವನ್ನು ಕಣ್ಣಳತೆಯಲ್ಲಿ ಬಿಡಬೇಡಿ

"ಏನೋ ಸರಿಯಿಲ್ಲ ಅನ್ನಿಸ್ತಿದೆ" ಅನ್ನುವ ದೂರಿಗೆ ಹೆಚ್ಚಾಗಿ ಕಾರಣ ಅಂತರ. ಅದನ್ನು ಸ್ಕ್ರೀನ್‌ಶಾಟ್‌ನಲ್ಲೇ ಅಳೆಯಬಹುದು. ವಿಂಡೋಸ್‌ನ ಪೇಂಟ್ ತಂತ್ರಾಂಶದಲ್ಲಿ ಚಿತ್ರ ತೆರೆದು, ಒಂದು ಚೌಕ ಎಳೆದರೆ ಅದು ಎಷ್ಟು ಪಿಕ್ಸೆಲ್ ಅಂತ ಕೆಳಗೆ ತೋರಿಸುತ್ತದೆ.

ಪಿಕ್ಸೆಲ್ ಲೆಕ್ಕ ನೇರವಾಗಿ ಉಪಯೋಗಕ್ಕೆ ಬಾರದು, ಏಕೆಂದರೆ ಜೂಮ್ ಬದಲಾದರೆ ಅದೂ ಬದಲಾಗುತ್ತದೆ. ಪಾಯಿಂಟ್‌ಗೆ ತಿರುಗಿಸಿಕೊಳ್ಳಿ. ಎ4 ಹಾಳೆಯ ಅಗಲ 595 ಪಾಯಿಂಟ್. ನಮ್ಮ ಒಂದನೇ ವಿನ್ಯಾಸದ ಚಿತ್ರದಲ್ಲಿ ಹಾಳೆಯ ಅಗಲ 714 ಪಿಕ್ಸೆಲ್ ಬಂತು. ಅಂದರೆ ಒಂದು ಪಾಯಿಂಟ್‌ಗೆ 1.2 ಪಿಕ್ಸೆಲ್. ಇನ್ನು ಪ್ರತಿ ತಲೆಬರಹದ ಮೇಲಿನ ಖಾಲಿ ಜಾಗ ಅಳೆದೆ: 14, 22, 14, 31 ಪಿಕ್ಸೆಲ್. ಪಾಯಿಂಟ್‌ನಲ್ಲಿ ಹೆಚ್ಚುಕಮ್ಮಿ 12, 18, 12, 26. ಚಿತ್ರ ಸ್ವಲ್ಪ ಮಸುಕಾಗಿರುವುದರಿಂದ ಒಂದೆರಡು ಪಿಕ್ಸೆಲ್ ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ. 12 ಮತ್ತು 26ರ ನಡುವಿನದು ಮಸುಕಲ್ಲ, ದೋಷ.

ಕಾರಣ ತಿಳಿಯಲು ಫೈಲ್ ತೆರೆದು `Ctrl+Shift+8` ಒತ್ತಿ. ಕಾಣದ ಗುರುತುಗಳೆಲ್ಲ ಕಾಣುತ್ತವೆ. ಇವಳ ಫೈಲಿನಲ್ಲಿ ಕೆಲವು ತಲೆಬರಹದ ಮೇಲೆ ಖಾಲಿ `¶` ಗುರುತು ಒಂಟಿಯಾಗಿ ನಿಂತಿತ್ತು. ಜಾಗ ಬೇಕಾದಾಗ ಎಂಟರ್ ಒತ್ತಿದ್ದಾಳೆ, ಒಂದು ಕಡೆ ಮಾಮೂಲಿ ಅಕ್ಷರದ ಅಳತೆಯಲ್ಲಿ, ಇನ್ನೊಂದು ಕಡೆ ತಲೆಬರಹದ ದೊಡ್ಡ ಅಳತೆಯಲ್ಲಿ. ಎರಡೂ ಖಾಲಿ ಸಾಲೇ, ಎತ್ತರ ಮಾತ್ರ ಬೇರೆ. ಆ ಖಾಲಿ ಸಾಲುಗಳನ್ನೆಲ್ಲ ಅಳಿಸಿ, ತಲೆಬರಹದ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಮೇಲೆ 12, ಕೆಳಗೆ 4 ಪಾಯಿಂಟ್ ಕೊಟ್ಟೆವು. ಮುಗಿಯಿತು.

ದಿನಾಂಕಗಳ ಬಲ ಅಂಚು ಕೂಡ ಹಲ್ಲು ಹಲ್ಲಾಗಿ ಕಾಣುತ್ತಿತ್ತು. ಅಲ್ಲಿ ಗುರುತುಗಳಲ್ಲಿ ಚುಕ್ಕಿಗಳ ದೊಡ್ಡ ಸಾಲು. ಒಂದು ಚುಕ್ಕಿ ಅಂದರೆ ಒಂದು ಸ್ಪೇಸ್‌ಬಾರ್. ದಿನಾಂಕವನ್ನು ಸ್ಪೇಸ್ ಒತ್ತಿ ಒತ್ತಿ ಬಲಕ್ಕೆ ತಳ್ಳಲಾಗಿದೆ. ಅಕ್ಷರಗಳ ಅಗಲ ಒಂದೇ ಇರುವುದಿಲ್ಲವಾದ್ದರಿಂದ ಎಷ್ಟು ಒತ್ತಿದರೂ ಅಂಚು ಕೂಡುವುದಿಲ್ಲ. ಅದನ್ನು ತೆಗೆದು ಒಂದೇ ಟ್ಯಾಬ್ ಹಾಕಿ, ಬಲಕ್ಕೆ ಒತ್ತುವ ಟ್ಯಾಬ್ ನಿಲುಗಡೆ ಇಟ್ಟುಕೊಳ್ಳಿ. ಎರಡೂ ಕಡೆ 2 ಸೆಂ.ಮೀ. ಮಾರ್ಜಿನ್ ಇದ್ದರೆ ಎ4 ಹಾಳೆಯಲ್ಲಿ ಆ ನಿಲುಗಡೆ 17 ಸೆಂ.ಮೀ.ನಲ್ಲಿ ಬರುತ್ತದೆ.

ಇಲ್ಲಿ ಒಂದು ಮಾತು. ಅಂತರ ಒಂದೇ ಸಮ ಇದ್ದ ಮಾತ್ರಕ್ಕೆ ಒಳ್ಳೆಯದಲ್ಲ. ಮೂರನೇ ವಿನ್ಯಾಸದಲ್ಲಿ ತಲೆಬರಹದ ಮೇಲೂ ಕೆಳಗೂ 10 ಪಾಯಿಂಟ್, ಎಲ್ಲ ಕಡೆಯೂ ಅದೇ. ಅಳತೆಯಲ್ಲಿ ತಪ್ಪಿಲ್ಲ. ಆದರೆ ತಲೆಬರಹ ಮೇಲಿನ ಭಾಗಕ್ಕೆ ಸೇರಿದ್ದೋ ಕೆಳಗಿನದಕ್ಕೋ ಅನ್ನುವುದು ಕಣ್ಣಿಗೆ ಹೊಳೆಯುವುದಿಲ್ಲ. ಮೇಲಿನ ಜಾಗ ಕೆಳಗಿನದರ ಎರಡು ಮೂರು ಪಟ್ಟು ಇರಲಿ. ನಾನಾದರೆ ಎರಡು ಪಾಯಿಂಟ್ ಆಚೀಚೆ ಇರುವ ಪುಟವನ್ನಾದರೂ ಒಪ್ಪುತ್ತೇನೆ, ಮೇಲೆ ಕೆಳಗೆ ಸಮನಾದ ಪುಟಕ್ಕೆ ಕಮ್ಮಿ ಸ್ಥಾನ ಕೊಡುತ್ತೇನೆ.

ಈಗ ಫೈಲಿನ ಒಳಗೆ

ಇಲ್ಲಿವರೆಗಿನದು ಸ್ಕ್ರೀನ್‌ಶಾಟ್‌ನಿಂದ ಗೊತ್ತಾಗುತ್ತದೆ. ಮೂರನೇ ಅಳತೆ, ಅಂದರೆ ಯಂತ್ರ ಇದನ್ನು ಸರಿಯಾಗಿ ಓದುತ್ತದೆಯೇ ಅನ್ನುವುದು, ಸ್ಕ್ರೀನ್‌ಶಾಟ್‌ನಲ್ಲಿ ಇರುವುದೇ ಇಲ್ಲ. ಚಿತ್ರ ನೋಡಿ ಅನುಮಾನ ಪಡಬಹುದು, ಅಷ್ಟೇ. ಕಂಪನಿಯ ತಂತ್ರಾಂಶ ಪುಟವನ್ನು ನಮ್ಮ ಹಾಗೆ ನೋಡುವುದಿಲ್ಲ. ಫೈಲಿನಿಂದ ಅಕ್ಷರಗಳನ್ನು ಹೊರಗೆ ತೆಗೆದು, ಅವು ಬಂದ ಕ್ರಮದಲ್ಲಿ ಓದಿ, ಇದು ಹೆಸರು, ಇದು ಕೆಲಸ, ಇದು ದಿನಾಂಕ ಅಂತ ವಿಂಗಡಿಸುತ್ತದೆ. ನೋಡಲು ತದ್ರೂಪು ಇರುವ ಎರಡು ಪುಟಗಳ ಒಳಗಿನ ಕ್ರಮ ಬೇರೆಯೇ ಇರಬಹುದು.

ಪೂರ್ತಿ ಖಾಲಿ ಬಂದ ನಾಲ್ಕನೇದನ್ನು ಮೊದಲು ನೋಡೋಣ, ಅದೇ ಸುಲಭ. ಪಿಡಿಎಫ್ ತೆರೆದು ಹೆಸರಿನ ಮೇಲೆ ಮೌಸ್ ಎಳೆಯಿರಿ. ಅಕ್ಷರ ಅಕ್ಷರವಾಗಿ ನೀಲಿಯಾದರೆ ಪಠ್ಯ ಇದೆ. ಏನೂ ಆಗದಿದ್ದರೆ ಅಥವಾ ಇಡೀ ಪುಟ ಒಟ್ಟಿಗೆ ಆಯ್ಕೆಯಾದರೆ ಅದು ಬರೀ ಚಿತ್ರ. ಇವಳದು ಚಿತ್ರ. ಡಿಸೈನ್ ಆ್ಯಪ್‌ನಿಂದ ಪಿಡಿಎಫ್ ಇಳಿಸುವಾಗ `Flatten PDF` ಅನ್ನುವ ಚೌಕಕ್ಕೆ ಟಿಕ್ ಬಿದ್ದಿತ್ತು. ಆಗ ಅಕ್ಷರವೆಲ್ಲ ಕರಗಿ ಒಂದೇ ಚಿತ್ರ ಆಗುತ್ತದೆ. ಪ್ರಿಂಟ್ ತೆಗೆದು, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿದರೂ ಇದೇ ಕಥೆ. ಕೆಲವು ತಂತ್ರಾಂಶಗಳು ಚಿತ್ರದಿಂದಲೂ ಅಕ್ಷರ ಓದಬಲ್ಲವು, ಆದರೆ ನೀವು ಅರ್ಜಿ ಹಾಕುವ ಕಡೆ ಅದು ಇದೆ ಅಂತ ನಂಬಿ ಕೂರುವ ಹಾಗಿಲ್ಲ.

ಟಿಕ್ ತೆಗೆದು ಮತ್ತೆ ಇಳಿಸಿದೆವು. ಈಗ ಪಠ್ಯ ಬಂತು. ಆದರೆ `Ctrl+A`, `Ctrl+C` ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದಾಗ ತಲೆಬರಹ ಹೀಗೆ ಕಂಡಿತು:

```
E X P E R I E N C E
Accounts Assistant
```

ವಿನ್ಯಾಸದಲ್ಲಿ ತಲೆಬರಹದ ಅಕ್ಷರಗಳನ್ನು ದೂರ ದೂರ ಇಟ್ಟಿದ್ದರು. ಸ್ಕ್ರೀನ್‌ಶಾಟ್‌ನಲ್ಲಿ ಅದು ಅಂದವೇ. ಆದರೆ ಅಕ್ಷರಗಳ ನಡುವಿನ ಜಾಗ ಒಂದು ಮಿತಿ ದಾಟಿದರೆ, ಪಠ್ಯ ಹೊರತೆಗೆಯುವ ತಂತ್ರಾಂಶ ಅದನ್ನು ಪದಗಳ ನಡುವಿನ ಜಾಗ ಅಂತ ತಿಳಿಯುತ್ತದೆ. ಹತ್ತು ಅಕ್ಷರದ ಒಂದು ಪದ ಹತ್ತು ಪದ ಆಗಿಬಿಟ್ಟಿತು. ಅನುಭವದ ಭಾಗ ಎಲ್ಲಿ ಶುರುವಾಗುತ್ತದೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅಕ್ಷರಗಳ ಅಂತರವನ್ನು ಸೊನ್ನೆಗೆ ತಂದು ಮತ್ತೆ ಇಳಿಸಿದ ಮೇಲೆ ಪದ ಕೂಡಿಕೊಂಡಿತು.

ಇನ್ನು ಹೆಸರಿನ ಜಾಗದಲ್ಲಿ ಟ್ಯಾಲಿ ತೋರಿಸಿದ ಎರಡನೇ ವಿನ್ಯಾಸ. ಇದರಲ್ಲಿ ಪಠ್ಯ ಇದೆ, ಮೌಸ್ ಎಳೆದರೆ ಆಯ್ಕೆಯೂ ಆಗುತ್ತದೆ. ಕ್ರಮ ನೋಡಬೇಕು. ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಪೂರ್ತಿ ಗೊತ್ತಾಗಬೇಕಾದರೆ ಪಾಪ್ಲರ್ ಅನ್ನುವ ಉಚಿತ ಸಲಕರಣೆಯ ಜೊತೆ ಬರುವ ಈ ಆಜ್ಞೆಗಳು ಸಾಕು:

```
pdftotext -raw resume.pdf raw.txt
pdftotext -layout resume.pdf layout.txt
pdffonts resume.pdf
```

ಮೊದಲನೇದು ಫೈಲಿನೊಳಗೆ ಪಠ್ಯ ಯಾವ ಕ್ರಮದಲ್ಲಿ ಬರೆದಿದೆಯೋ ಅದೇ ಕ್ರಮದಲ್ಲಿ ಕೊಡುತ್ತದೆ. ಎರಡನೇದು ಪುಟದಲ್ಲಿ ಅಕ್ಷರ ಎಲ್ಲಿ ಕೂತಿದೆಯೋ ಹಾಗೆಯೇ, ಎಡದಿಂದ ಬಲಕ್ಕೆ ಅಡ್ಡ ಸಾಲಾಗಿ ಕೊಡುತ್ತದೆ. ಕಂಪನಿಗಳ ತಂತ್ರಾಂಶ ಒಂದೇ ಅಲ್ಲ. ಯಾವುದು ಹೇಗೆ ಓದುತ್ತದೆ ಅಂತ ಹೊರಗಿನಿಂದ ಹೇಳಲಾಗದು. ಹಾಗಾಗಿ ನನ್ನ ನಿಯಮ ಇದು: ಎರಡೂ ರೀತಿಯಲ್ಲಿ ತೆಗೆದಾಗ ಅರ್ಥವಾಗುವ ಹಾಗೆ ಬಂದರೆ ನೆಮ್ಮದಿ. ಒಂದರಲ್ಲಿ ಮಾತ್ರ ಬಂದರೆ ಅಪಾಯ ಸ್ವಲ್ಪ ಇದೆ. ಎರಡರಲ್ಲೂ ಕೆಟ್ಟರೆ ಆ ವಿನ್ಯಾಸ ಬೇಡ.

ಎರಡನೇ ವಿನ್ಯಾಸದ `raw.txt` ಶುರುವಾದದ್ದು ಹೀಗೆ:

```
Tally Prime
GST Returns
MS Excel
Languages
Kannada
```

ನೀಲಿ ಪಟ್ಟಿಯೊಳಗಿನದು ಫೈಲಿನಲ್ಲಿ ಮೊದಲು ಇದೆ. ಪುಟದ ತುದಿಯಲ್ಲಿ ದೊಡ್ಡದಾಗಿ ಕಾಣುವ ಹೆಸರು ಒಳಗೆ ಎಲ್ಲೋ ಮಧ್ಯದಲ್ಲಿದೆ. ಡಿಸೈನ್ ಆ್ಯಪ್‌ಗಳಲ್ಲಿ ಪ್ರತಿ ತುಂಡು ಪಠ್ಯವೂ ಬೇರೆ ಡಬ್ಬಿ. ಯಾವ ಡಬ್ಬಿ ಕೆಳಗೆ, ಯಾವುದು ಮೇಲೆ ಅನ್ನುವ ಪದರದ ಕ್ರಮವೇ ಹೆಚ್ಚಾಗಿ ಓದುವ ಕ್ರಮವೂ ಆಗಿಬಿಡುತ್ತದೆ. `layout.txt` ನೋಡಿದರೆ ಇನ್ನೂ ಮಜಾ: ಎಡಗಡೆಯ ಭಾಷೆಗಳ ಪಟ್ಟಿ ಮತ್ತು ಬಲಗಡೆಯ ಆಡಿಟರ್ ಆಫೀಸಿನ ದಿನಾಂಕ ಒಂದೇ ಸಾಲಿನಲ್ಲಿ.

ಫೋನ್ ನಂಬರ್ ಪಕ್ಕದಲ್ಲಿ ಫೋನಿನ ಪುಟ್ಟ ಚಿಹ್ನೆ ಇತ್ತು. ಪಠ್ಯದಲ್ಲಿ ಅದರ ಜಾಗಕ್ಕೆ ಖಾಲಿ ಚೌಕ ಬಂತು. ಚಿಹ್ನೆಗಳ ಫಾಂಟ್‌ನಲ್ಲಿ ಆ ಅಕ್ಷರಕ್ಕೆ ಯಾರಿಗೂ ಗೊತ್ತಿರುವ ಅರ್ಥವಿಲ್ಲ. "Phone" ಅಂತ ಬರೆದಿದ್ದರೆ ಯಂತ್ರಕ್ಕೂ ಗೊತ್ತಾಗುತ್ತಿತ್ತು, ಮನುಷ್ಯರಿಗೂ. ಕೌಶಲ್ಯದ ಪಟ್ಟಿಗಳ ಮುಕ್ಕಾಲು, ಅರ್ಧ ಯಾವುದೂ ಪಠ್ಯದಲ್ಲಿ ಇರಲಿಲ್ಲ. ಪುಟದ ಅತ್ಯಂತ ಗಾಢವಾದ ಭಾಗ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ಮೂರನೇ ಆಜ್ಞೆ `pdffonts` ಫಾಂಟ್‌ಗಳ ಪಟ್ಟಿ ಕೊಡುತ್ತದೆ. ಅದರಲ್ಲಿ `uni` ಅನ್ನುವ ಕಾಲಂನಲ್ಲಿ `no` ಇದ್ದರೆ ಆ ಫಾಂಟ್‌ನ ಆಕಾರಕ್ಕೂ ನಿಜವಾದ ಅಕ್ಷರಕ್ಕೂ ನಂಟು ಹೇಳುವ ಪಟ್ಟಿ ಫೈಲಿನಲ್ಲಿ ಇಲ್ಲ ಅಂತ. `no` ಇದ್ದ ಮಾತ್ರಕ್ಕೆ ಪಠ್ಯ ಕೆಟ್ಟಿರಲೇಬೇಕೆಂದಿಲ್ಲ, ಆದರೆ ಅಂಟಿಸಿ ನೋಡದೆ ಬಿಡಬೇಡಿ. ಕೆಲವು ಫಾಂಟ್‌ಗಳಲ್ಲಿ `f` ಮತ್ತು `i` ಕೂಡಿಕೊಂಡು ಒಂದೇ ಆಕಾರ ಆಗುತ್ತವೆ. ಹಾಗಾದಾಗ `certificate` ಅನ್ನುವುದರ ನಡುವೆ ಒಂದು ವಿಚಿತ್ರ ಅಕ್ಷರ ಬಂದು, ಆ ಪದ ಹುಡುಕುವವರಿಗೆ ನಿಮ್ಮ ರೆಸ್ಯೂಮೆ ಸಿಗದೇ ಹೋಗಬಹುದು.

ನಮ್ಮ ಕಡೆ ಇದರ ಅಣ್ಣನಂಥ ದೋಷ ಒಂದಿದೆ. ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಕನ್ನಡ. ಸ್ಕ್ರೀನ್‌ಶಾಟ್‌ನಲ್ಲಿ ಮುತ್ತಿನಂಥ ಅಕ್ಷರ. ಅದೇ "ಕನ್ನಡ" ಅನ್ನುವ ಪದವನ್ನು ನೋಟ್‌ಪ್ಯಾಡ್‌ಗೆ ಅಂಟಿಸಿದರೆ:

```
PÀ£ÀßqÀ
```

ಒಳಗಿರುವುದು ಇಂಗ್ಲಿಷ್ ಕೋಡ್, ಮೇಲೆ ಕನ್ನಡದ ಆಕಾರ ಹೊದಿಸಿದ್ದಾರೆ ಅಷ್ಟೇ. ಕನ್ನಡದಲ್ಲಿ ರೆಸ್ಯೂಮೆ ಅಥವಾ ಹೆಸರು, ವಿಳಾಸ ಬರೆಸುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಿಕೊಡಿ ಅಂತ ಬಾಯಿ ಬಿಟ್ಟು ಕೇಳಬೇಕು. ಹಳೆಯದಾಗಿದ್ದರೆ ಪರಿವರ್ತಕದಲ್ಲಿ ಹಾಕಿ ತಿರುಗಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ಉಳಿದದ್ದು ಒಂದನೇ ವಿನ್ಯಾಸ. ಎಲ್ಲ ಸರಿ, ಹೆಸರು ಮತ್ತು ಫೋನ್ ಮಾತ್ರ ಇಲ್ಲ. ವರ್ಡ್ ಫೈಲ್ ತೆರೆದು ಎಲ್ಲವನ್ನೂ ಆಯ್ಕೆ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದಾಗಲೂ ಅವೆರಡು ಬರಲಿಲ್ಲ. ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಉಳಿದ ಪುಟ ಮಸುಕಾಯಿತು. ಅಲ್ಲಿಗೆ ಸಿಕ್ಕಿಬಿತ್ತು: ಹೆಸರು, ಫೋನ್ ಎರಡನ್ನೂ ಪುಟದ ಹೆಡರ್‌ನಲ್ಲಿ ಹಾಕಿದ್ದಾಳೆ. ವರ್ಡ್ ಫೈಲ್ ಅನ್ನುವುದು ನಿಜವಾಗಿ ಒಂದು ಜಿಪ್ ಕಟ್ಟು. ಫೈಲ್ ಹೆಸರಿನ ಕೊನೆಯ `.docx` ತೆಗೆದು `.zip` ಮಾಡಿ ಬಿಚ್ಚಿದರೆ ಪುಟದ ಪಠ್ಯ `word/document.xml`ನಲ್ಲಿ, ಹೆಡರ್ `word/header1.xml` ಥರದ ಬೇರೆ ಕಡತದಲ್ಲಿ ಇರುತ್ತದೆ. ಮೊದಲನೇದನ್ನು ಮಾತ್ರ ಓದುವ ತಂತ್ರಾಂಶಕ್ಕೆ ಹೆಡರ್ ಕಾಣುವುದೇ ಇಲ್ಲ.

ಇದೇ ಫೈಲನ್ನು ಪಿಡಿಎಫ್ ಮಾಡಿ ನೋಡಿದೆವು. ಹೆಸರೂ ಫೋನೂ ಮೊದಲ ಸಾಲಿನಲ್ಲೇ ಬಂದವು! ಪಿಡಿಎಫ್‌ನಲ್ಲಿ ಹೆಡರ್ ಕೂಡ ಪುಟದ ಮಾಮೂಲಿ ಪಠ್ಯವೇ. ಅಂದರೆ ಒಂದೇ ವಿನ್ಯಾಸ, ಒಂದೇ ಸ್ಕ್ರೀನ್‌ಶಾಟ್, ವರ್ಡ್ ಆಗಿ ಹಾಕಿದರೆ ಫೇಲ್, ಪಿಡಿಎಫ್ ಆಗಿ ಹಾಕಿದರೆ ಪಾಸ್. ಸ್ಕ್ರೀನ್‌ಶಾಟ್ ನೋಡಿ ಈ ಮೂರನೇ ಅಂಕ ಕೊಡಬಾರದು ಅಂತ ನಾನು ಹಠ ಮಾಡುವುದು ಇದಕ್ಕೇ. ಕೆಲವು ಕಂಪನಿಗಳು ವರ್ಡ್ ಫೈಲೇ ಬೇಕು ಅನ್ನುತ್ತವೆ, ಹಾಗಾಗಿ ಹೆಸರನ್ನು ಹೆಡರ್‌ನಿಂದ ತೆಗೆದು ಪುಟದ ಮೊದಲ ಸಾಲಿಗೆ ಇಳಿಸಿದೆವು.

ಯಾರೂ ಓಟು ಹಾಕದ ಮೂರನೇದನ್ನೂ ಸುಮ್ನೆ ಪರೀಕ್ಷೆ ಮಾಡಿದೆ. ಎರಡು ಕಾಲಂ ಅಂದರೆ ಕೆಟ್ಟದ್ದು ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಇದರ `raw.txt` ಅಚ್ಚುಕಟ್ಟಾಗಿತ್ತು. ಯಾಕೆಂದರೆ ಡಬ್ಬಿಗಳಲ್ಲ, ವರ್ಡ್‌ನದೇ ಕಾಲಂ ಸೌಲಭ್ಯದಲ್ಲಿ ಮಾಡಿದ್ದು. ಎಡಗಡೆಯದು ಮುಗಿದ ಮೇಲೆಯೇ ಬಲಗಡೆಯದು. `layout.txt`ನಲ್ಲಿ ಮಾತ್ರ ಎರಡೂ ಕಲಸಿಕೊಂಡಿತ್ತು. ನನ್ನ ನಿಯಮದ ಪ್ರಕಾರ ಸ್ವಲ್ಪ ಅಪಾಯ, ಎರಡನೇದಕ್ಕಿಂತ ಎಷ್ಟೋ ವಾಸಿ.

ಅಂಕ ಕೂಡುವಾಗ

ಮೂರು ಅಳತೆಗೂ ಹತ್ತತ್ತು ಅಂಕ ಇಟ್ಟು ಕೂಡುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಅದು ಮೋಸ ಮಾಡುತ್ತದೆ. ತಿದ್ದುವ ಮುಂಚಿನ ಲೆಕ್ಕ ನೋಡಿ. ನಾಲ್ಕನೇದಕ್ಕೆ ಕಣ್ಣೋಟಕ್ಕೆ 9, ಅಂತರಕ್ಕೆ 9, ಯಂತ್ರದ ಓದಿಗೆ 0, ಒಟ್ಟು 18. ಒಂದನೇದಕ್ಕೆ 6, 5, 6, ಒಟ್ಟು 17. ಒಂದಕ್ಷರವೂ ಹೊರಬರದ ಫೈಲ್ ಗೆದ್ದುಬಿಟ್ಟಿತು!

ಯಂತ್ರದ ಓದನ್ನು ಅಂಕ ಮಾಡಬೇಡಿ, ಬಾಗಿಲು ಮಾಡಿ. ಪಠ್ಯ ಬರುತ್ತದೆಯೇ, ಹೆಸರು ಮತ್ತು ಫೋನ್ ಬರುತ್ತವೆಯೇ, ಪ್ರತಿ ಕೆಲಸದ ಜೊತೆ ಅದರದೇ ದಿನಾಂಕ ಇದೆಯೇ. ಮೂರೂ ಇದ್ದರೆ ಒಳಗೆ, ಇಲ್ಲದಿದ್ದರೆ ಸರಿಮಾಡಿಕೊಂಡು ಬರಲಿ. ಒಳಗೆ ಬಂದವುಗಳಲ್ಲಿ ಕಣ್ಣೋಟ ಮೊದಲು, ಸಮ ಬಂದರೆ ಅಂತರ. ಅಂತರ ಕೊನೆಗೆ ಯಾಕೆಂದರೆ ಅದನ್ನು ಸರಿಮಾಡಲು ಹತ್ತು ನಿಮಿಷ ಸಾಕು. ಡಬ್ಬಿಗಳಲ್ಲಿ ಕಟ್ಟಿದ ಪುಟವನ್ನು ಸರಿಮಾಡುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಬೇಗ.

ಹೀಗೆ ನೋಡಿದಾಗ ತಿದ್ದಿದ ನಾಲ್ಕನೇದು ಮೊದಲು, ತಿದ್ದಿದ ಒಂದನೇದು ಎರಡು, ಮೂರನೇದು ಮೂರು. ನೀಲಿ ಪಟ್ಟಿಯದು ಬಾಗಿಲಾಚೆಯೇ ಉಳಿಯಿತು. "ಅಷ್ಟು ಚೆನ್ನಾಗಿತ್ತಲ್ಲ ಅಣ್ಣ" ಅಂತ ಅವಳಿಗೆ ಬೇಜಾರು. ನೇರವಾಗಿ ಕೈಗೆ ಕೊಡುವ ಕಡೆ, ವಾಕ್-ಇನ್ ಇಂಟರ್‌ವ್ಯೂಗೆ ಹೋಗುವಾಗ ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಲಿ, ಅಭ್ಯಂತರವಿಲ್ಲ. ದಿನಾಂಕದ ಬಣ್ಣ ಮಾತ್ರ ಕಪ್ಪು ಮಾಡಿಕೊಳ್ಳಬೇಕು.

ಅಪ್ಲೋಡ್ ಮಾಡಿದ್ದು ಒಂದನೇದನ್ನು. ಆ ಕಂಪನಿ ವರ್ಡ್ ಫೈಲ್ ಕೇಳಿತ್ತು, ನಾಲ್ಕನೇದು ಪಿಡಿಎಫ್ ಆಗಿ ಮಾತ್ರ ಸಿಗುತ್ತಿತ್ತು. ಈ ಸಲ ಹೆಸರು, ಫೋನ್, ಎರಡೂ ಕೆಲಸಗಳು ಸರಿಯಾದ ಜಾಗಕ್ಕೆ ಬಂದವು. ರೈಸ್ ಮಿಲ್ ಕೆಲಸದ ದಿನಾಂಕ ಮಾತ್ರ ಖಾಲಿ. ಅಲ್ಲಿ ಅವಳು "2021-22" ಅಂತ ಬರೆದಿದ್ದಳು, ನಮ್ಮ ಕಡೆ ಲೆಕ್ಕದ ವರ್ಷ ಬರೆಯುವ ಹಾಗೆ. ಆಡಿಟರ್ ಆಫೀಸಿನದನ್ನು ತಿಂಗಳ ಸಮೇತ ಬರೆದಿದ್ದರಿಂದ ಅದು ಬಂದಿತ್ತು. ಇದನ್ನೂ "Jun 2021 – Mar 2022" ಅಂತ ಬದಲಿಸಿ ಮತ್ತೆ ಹಾಕಿದೆವು. ದಿನಾಂಕದ ಎರಡು ಚೌಕಗಳೂ ತುಂಬಿದವು, ಅವಳು ಸಬ್ಮಿಟ್ ಒತ್ತಿದಳು.